ಕರೆಂಟ್ ಕಂಬ ಇರೋ ಫೋಟೋನೂ ಕೊಟ್ರು!

ಹೋದ ಭಾನುವಾರ ಸ್ಯಾನ್ ಹೊಸೆ ಹತ್ರ ಒಂದು ಮನೆ ನೋಡೋಕೆ ಹೊರಟಿದ್ವಿ. ಲಿಸ್ಟಿಂಗ್ ಫೋಟೋದಲ್ಲಿ ಮನೆ ಹಿಂದೆ ಕೆಂಪಗೆ ಸೂರ್ಯ ಮುಳುಗ್ತಾ ಇದ್ದ, "ರೀ, ಹಿಂದೆ ಪಶ್ಚಿಮ ಅಂದ್ರೆ ಬಾಗಿಲು ಪೂರ್ವಕ್ಕೇ" ಅಂತ ಹೆಂಡ್ತಿ ಖುಷಿ. ಆಮೇಲೆ ನೋಡಿದ್ರೆ ಫೋಟೋ ಕೆಳಗೇ ಇದು ತಿದ್ದಿದ ಚಿತ್ರ, ಒರಿಜಿನಲ್ ಇಲ್ಲಿದೆ ಅಂತ ಲಿಂಕ್. ಒತ್ತಿದ್ರೆ ಅದೇ ಮನೆ, ಮೇಲೆ ಬೂದಿ ಬಣ್ಣದ ಮೋಡ, ಲಾನ್ ಒಣಗಿದೆ, ಗ್ಯಾರೇಜ್ ಪಕ್ಕದಲ್ಲಿ ಕರೆಂಟ್ ಕಂಬ. ಮ್ಯಾಪ್ ತೆಗೆದ್ರೆ ಬಾಗಿಲು ದಕ್ಷಿಣಕ್ಕೆ. ಅಂದ್ರೆ ಸೂರ್ಯನ್ನ ಉತ್ತರದಲ್ಲಿ ಮುಳುಗಿಸಿದಾರೆ!

ಕ್ಯಾಲಿಫೋರ್ನಿಯಾದಲ್ಲಿ ಎಬಿ 723 ಅಂತ ಕಾನೂನು, 2026ರ ಜನವರಿ 1ರಿಂದ ಜಾರಿ. ಬ್ರೋಕರ್ ಜಾಹೀರಾತಿನ ಫೋಟೋದಲ್ಲಿ ಏನಾದ್ರೂ ಸೇರಿಸಿದ್ರೆ, ತೆಗೆದ್ರೆ, ಬದಲಾಯಿಸಿದ್ರೆ ಹೇಳ್ಬೇಕು, ಅಸಲಿ ಫೋಟೋನೂ ತೋರಿಸ್ಬೇಕು. ಕಂಬ, ಕಿಟಕಿಯಿಂದ ಕಾಣೋ ನೋಟ, ಪಕ್ಕದ ಮನೆ, ಎಲ್ಲಾ ಸೇರತ್ತೆ. ಬೆಳಕು, ಬಣ್ಣ ಸರಿಮಾಡೋದು, ಕ್ರಾಪ್ ಮಾಡೋದು ಇಂಥದ್ದಕ್ಕೆ ಮಾತ್ರ ವಿನಾಯಿತಿ, ಅದೂ ಜಾಗದ ಚಿತ್ರಣ ಬದಲಾಗದಿದ್ರೆ.

ಆಕಾಶದ ಹೆಸರು ಆ ಪಟ್ಟಿಯಲ್ಲಿಲ್ಲ, ಅಲ್ಲೇ ಇರೋದು ಕಿತಾಪತಿ. ಮನೆಗೆ ಎಕ್ಸ್‌ಪೋಷರ್ ಇಟ್ರೆ ಆಕಾಶ ಬೆಳ್ಳಗೆ ಸುಟ್ಟೋಗತ್ತೆ, ಇನ್ನೊಂದು ಶಾಟ್ ಕಡಿಮೆ ಬೆಳಕಲ್ಲಿ ಹೊಡೆದು ಸೇರಿಸಿದ್ರೆ ಅವತ್ತಿನ ಆಕಾಶವೇ ವಾಪಸ್ ಬಂತು, ನನ್ ಲೆಕ್ಕದಲ್ಲಿ ಅದು ಸರಿ. ಎಲ್ಲಿದೋ ಸೂರ್ಯಾಸ್ತ ತಂದು ಅಂಟಿಸಿದ್ರೆ ಅದು ಬೇರೆ. ಪತ್ತೆ ಹಚ್ಚೋದೂ ಸುಲಭ, ಮೇಲೆ ಬಿಸಿಲಿನ ನೀಲಿ, ಕೆಳಗೆ ಮರಕ್ಕೆ ನೆರಳೇ ಇಲ್ಲ, ಕಿಟಕಿ ಗಾಜಲ್ಲಿ ಇನ್ನೂ ಮೋಡ. ನ್ಯೂಸ್ ಫೋಟೋದಲ್ಲಂತೂ ಚೀಟಿ ಅಂಟಿಸಿದ್ರೂ ಸಾಲ್ದು. 2006ರಲ್ಲಿ ಶಾರ್ಲಟ್ ಅಬ್ಸರ್ವರ್ ಪತ್ರಿಕೆಯ ಫೋಟೋಗ್ರಾಫರ್ ಒಬ್ರು ಅಗ್ನಿಶಾಮಕದವರ ಚಿತ್ರದಲ್ಲಿ ಆಕಾಶದ ಬಣ್ಣ ಬದಲಾಯಿಸಿದ್ರು ಅಂತ ಕೆಲಸವೇ ಹೋಯ್ತು.

ಊರಲ್ಲಿ? ನಮ್ ಭಾವ ಕನಕಪುರ ರೋಡಲ್ಲಿ ಫ್ಲಾಟ್ ತಗೊಂಡ್ರು. ಬ್ರೋಷರ್‌ನಲ್ಲಿ ಬಾಲ್ಕನಿ ಎದುರು ಬರೀ ನೀಲಿ ಆಕಾಶ, ಹಕ್ಕಿ ಬೇರೆ. ಹೋಗಿ ನಿಂತ್ರೆ ಹೈಟೆನ್ಷನ್ ಲೈನು. ಕೇಳಿದ್ರೆ ಸೇಲ್ಸ್ ಹುಡುಗ ಕೊನೇ ಪುಟದಲ್ಲಿ ಸಾಸಿವೆ ಕಾಳಷ್ಟು ಅಕ್ಷರದಲ್ಲಿದ್ದ "ಕಲಾವಿದರ ಕಲ್ಪನೆ" ತೋರಿಸಿ, "ಸಾರ್, ಸ್ವಲ್ಪ ಟಚಪ್ ಇದ್ದೇ ಇರತ್ತಲ್ವಾ" ಅಂದ. ನಾವೂ ಹೂಂ ಅಂತೀವಿ, ಅದೇ ನಂಗೆ ಉರಿಯೋದು.

ಇದನ್ನೆಲ್ಲ ಫೋನಲ್ಲಿ ಭಾವನ ಹತ್ರ ಕೊಚ್ಕೊಂಡೆ. ಅವ್ರು ತಣ್ಣಗೆ, "ರೇರಾ ಕಾಯ್ದೆ 12ನೇ ಸೆಕ್ಷನ್ ಓದಪ್ಪಾ" ಅಂದ್ರು. ಓದಿದೆ. ಸುಳ್ಳು ಜಾಹೀರಾತು ನಂಬಿ ದುಡ್ಡು ಕಟ್ಟಿ ನಷ್ಟ ಆದ್ರೆ ಪರಿಹಾರ ಕೇಳ್ಬಹುದು, ಬೇಡ ಅಂದ್ರೆ ಬಡ್ಡಿ ಸಮೇತ ದುಡ್ಡು ವಾಪಸ್. ಇದು 2016ರ ಕಾನೂನು, ಇಲ್ಲಿಯವ್ರಿಗಿಂತ ಎಷ್ಟೋ ಮುಂಚೆ. ಸರಿ, ಒಪ್ಕೊಂಡೆ. ಆದ್ರೆ ಅದು ದುಡ್ಡು ಕಟ್ಟಿದ್ಮೇಲಿನ ಮಾತು ಭಾವ, ಇಲ್ಲಿ ಕಂಬ ಮನೇಲಿ ಕೂತಾಗ್ಲೇ ಕಾಣ್ತು.

ಆ ಮನೆ ನೋಡೋಕೆ ಹೋಗ್ಲೇ ಇಲ್ಲ. ಕಂಬ ಇದ್ರೂ ಹೆಂಡ್ತಿ ಹೇಗೋ ಒಪ್ತಿದ್ಲು, ದಕ್ಷಿಣದ ಬಾಗಿಲಿಗೆ ಮಾತ್ರ ಸುತಾರಾಂ ಒಪ್ಲಿಲ್ಲ.