ಮೆಚ್ಚುಗೆ ಒಮ್ಮೆ ಸಾಕು

"ಗೆಳತಿ ಮಾತೆತ್ತಿದರೆ ತನ್ನ ಹೆಚ್ಚುಗಾರಿಕೆಯನ್ನೇ ಹೇಳುತ್ತಾಳೆ. ಹೊಗಳಿದರೆ ಅದು ಬೆಳೆಯುತ್ತದೆ, ಸುಮ್ಮನಿದ್ದರೆ ನಾನು ದೂರ ಸರಿದಂತಾಗುತ್ತದೆ. ಏನು ಮಾಡಲಿ?"

ನನ್ನ ಗೆಳೆಯರೊಬ್ಬರು ತಮಗೆ ದೊರೆತ ಬಡ್ತಿಯ ವಿಷಯವನ್ನು ಭೇಟಿಯಾದಾಗಲೆಲ್ಲ ಹೇಳುತ್ತಿದ್ದರು. ಮೊದಮೊದಲು ನಾನು ಮೌನವಾಗಿರುತ್ತಿದ್ದೆ. ಆದರೆ ತಮ್ಮ ಮಾತು ನನಗೆ ನಾಟಲಿಲ್ಲವೆಂದು ಭಾವಿಸಿದರೋ ಏನೋ, ಅವರು ಅದನ್ನೇ ಇನ್ನಷ್ಟು ಬಣ್ಣ ಕಟ್ಟಿ ಹೇಳತೊಡಗಿದರು. ಆಮೇಲೆ ನಾನು ಕ್ರಮ ಬದಲಿಸಿದೆ. ಸುದ್ದಿ ಹೊಸದಾಗಿದ್ದರೆ ಒಂದೇ ವಾಕ್ಯದಲ್ಲಿ, ಮನಸಾರೆ ಸಂತೋಷ ಸೂಚಿಸುತ್ತೇನೆ, ಅದೇ ಸುದ್ದಿ ಮರಳಿ ಬಂದಾಗ "ಹೌದು, ಅಂದು ಹೇಳಿದ್ದಿರಿ, ನೆನಪಿದೆ" ಎಂದು, "ಹೊಸ ಜವಾಬ್ದಾರಿಯಲ್ಲಿ ಕಷ್ಟವೆನಿಸುವುದು ಯಾವುದು?" ಎಂದು ಕೇಳುತ್ತೇನೆ. ಸಂಬಳ ಎಷ್ಟಾಯಿತು, ಕೈಕೆಳಗೆ ಎಷ್ಟು ಜನರಿದ್ದಾರೆ ಎಂಬ ಪ್ರಶ್ನೆಗಳು ಬಡಾಯಿಗೇ ಇಂಬು ಕೊಡುತ್ತವೆ. ಕಷ್ಟವನ್ನು ಹೀಗೆ ಎರಡು ಮೂರು ಬಾರಿ ವಿಚಾರಿಸಿದ ಮೇಲೆ, ಬಡ್ತಿಯ ನಂತರ ಹಳೆಯ ಸಹೋದ್ಯೋಗಿಗಳು ತಮ್ಮಿಂದ ದೂರವಾದರೆಂದು ಅವರು ಮೆಲ್ಲಗೆ ಹೇಳಿಕೊಂಡರು. ಆ ಮಾತಿಗೆ ನಾನು ಪೂರ್ತಿ ಗಮನ ಕೊಟ್ಟೆ, ಮರುದಿನ ನಾನಾಗಿಯೇ ಕರೆ ಮಾಡಿ ವಿಚಾರಿಸಿದೆ.

ಆದರೆ ಬಡಾಯಿಯು ನಿಮ್ಮನ್ನು ಕೀಳಾಗಿಸುವ ಹೋಲಿಕೆಯಾದರೆ ಇಷ್ಟು ಸಾಲದು. ಆಗ "ಆ ಹೋಲಿಕೆಯಿಂದ ನನಗೆ ನೋವಾಯಿತು" ಎಂದು ಇಬ್ಬರೇ ಇರುವಾಗ ಹೇಳಿ. ನಾಲ್ಕು ಜನರೆದುರು ಹೇಳಿದರೆ ಮುಖ ಉಳಿಸಿಕೊಳ್ಳಲು ಅವರು ಮತ್ತಷ್ಟು ಕೊಚ್ಚಿಕೊಳ್ಳುವ ಸಂಭವವೇ ಹೆಚ್ಚು.