ನಾಲ್ಕು ನಿಮಿಷದ ತಬಾಟಾ: ಸತ್ಯಾಂಶ

ಫಾರ್ವರ್ಡ್: “ದಿನಾ 4 ನಿಮಿಷ ತಬಾಟಾ ಮಾಡಿದ್ರೆ ಒಂದು ಗಂಟೆ ಓಡಿದಷ್ಟೇ ಲಾಭವಂತೆ, ನಿಜಾನಾ?”

ಅರ್ಧ ನಿಜ. 1996ರಲ್ಲಿ ಜಪಾನಿನ ಇಜುಮಿ ತಬಾಟಾ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಯುವಕರು ವ್ಯಾಯಾಮದ ಸೈಕಲ್ ಮೇಲೆ 20 ಸೆಕೆಂಡು ಜೀವ ಹೋಗುವಂತೆ ತುಳಿದು, 10 ಸೆಕೆಂಡು ಬಿಡುತ್ತಿದ್ದರು. ಏಳೆಂಟು ಸುತ್ತಿಗೆ ಕಾಲು ಸೋಲಲೇಬೇಕು, ಅಷ್ಟು ಭಾರ. ಅದಕ್ಕೂ ಮೊದಲು 10 ನಿಮಿಷ ವಾರ್ಮ್ ಅಪ್. ವಾರಕ್ಕೆ 5 ದಿನ, 6 ವಾರ. ಹಾಲ್‌ನಲ್ಲಿ ಆರಾಮಾಗಿ ಮಾಡುವ ಜಂಪಿಂಗ್ ಜಾಕ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ.

ನಮ್ಮಂಥವರಿಗೆ ದುಡಿದಷ್ಟೇ ಹೊತ್ತು ಬಿಡುವು, ಅಂದರೆ 1:1, ಸಾಕು. 5 ಕಿಲೋಮೀಟರ್ ಓಟಕ್ಕೆ 30 ನಿಮಿಷ ಬೇಕಾಗುವವರಿಗೆ ಆ ವೇಗದಲ್ಲಿ 400 ಮೀಟರ್ ಟ್ರ್ಯಾಕಿನ ಒಂದು ಸುತ್ತಿಗೆ 2 ನಿಮಿಷ 24 ಸೆಕೆಂಡು ಹಿಡಿಯುತ್ತದೆ. ಇಂಟರ್ವಲ್‌ನಲ್ಲಿ ಅದನ್ನು 2:15ಕ್ಕೆ ಓಡಿ, ಅಷ್ಟೇ ಹೊತ್ತು ನಡೆಯಿರಿ. ಹೀಗೆ ಐದು ಸುತ್ತು. ಮೊದಲ 10 ನಿಮಿಷದ ನಿಧಾನ ಓಟ, ಕೊನೆಯ 5 ನಿಮಿಷದ ನಡಿಗೆ ಸೇರಿ ಸುಮಾರು 35 ನಿಮಿಷ.

ಮೊದಲ ಸುತ್ತನ್ನೇ 2 ನಿಮಿಷಕ್ಕೆ ಹೊಡೆಯುವುದು ಸಾಮಾನ್ಯ ತಪ್ಪು. ನಾಲ್ಕನೆಯದು 2:25 ದಾಟಿದರೆ ಐದನೆಯದು ಬೇಡ.

ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ 48 ಗಂಟೆ. ಉಳಿದ ಓಟವೆಲ್ಲ ಮಾತಾಡುತ್ತಾ ಓಡುವಷ್ಟು ಹಗುರ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಓಡುವಾಗ ಎದೆ ಹಿಡಿದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.