ಆನ್‌ಲೈನ್ ಕ್ಲಾಸಿಗೆ ಮೊದಲು ಪ್ರಶ್ನೆ ಬರೆಯಿರಿ, ಪಾಠ ಆಮೇಲೆ

"ಎಲ್ಲರಿಗೂ ಕೇಳಸ್ತೈತೇನು?" ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳಿದರೆ ಅದು ಗಮನ ಪರೀಕ್ಷೆ ಆಗುವುದಿಲ್ಲ. "ಹೌದ್ರಿ ಸರ" ಅಂತ ನಾಲ್ಕು ಹುಡುಗರು ಹೇಳುತ್ತಾರೆ. ಉಳಿದವರ ಬಗ್ಗೆ ನಮಗೆ ಏನೂ ಗೊತ್ತಾಗುವುದಿಲ್ಲ. ಆ ನಾಲ್ವರಿಗೂ ದನಿ ಕೇಳಿಸುತ್ತಿದೆ ಅಂತ ಗೊತ್ತಾಯಿತೇ ಹೊರತು, ಪಾಠ ತಿಳಿಯುತ್ತಿದೆ ಅಂತ ಅಲ್ಲ.

ನಾನು ಗದಗಿನಲ್ಲಿ ಬಿ.ಕಾಂ ಮೊದಲ ವರ್ಷದ ಮಕ್ಕಳಿಗೆ ರಾತ್ರಿ ಎಂಟಕ್ಕೆ ಸಂಖ್ಯಾಶಾಸ್ತ್ರದ ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ರೋಣ, ಮುಂಡರಗಿ, ಶಿರಹಟ್ಟಿ, ಆ ಕಡೆ ಸವಣೂರು, ಬ್ಯಾಡಗಿಯಿಂದಲೂ ಮಕ್ಕಳು ಇದ್ದಾರೆ. ಸಂಜೆ ಬಸ್ ಹಿಡಿದು ಊರಿಗೆ ಹೋಗಿಬಿಡುವವರು. ಅವರಿಗೆ ಇನ್ನೊಂದು ದಾರಿ ಇಲ್ಲ. ಹತ್ತಿರ ಹತ್ತಿರ ಎಲ್ಲರದ್ದೂ ಫೋನ್, ಲ್ಯಾಪ್‌ಟಾಪ್ ಇರುವವರು ಒಬ್ಬಿಬ್ಬರು. ಝೂಮ್ ಉಚಿತ ಖಾತೆ, ಅಂದರೆ 40 ನಿಮಿಷಕ್ಕೆ ಸಭೆ ತಾನೇ ಮುಗಿಯುತ್ತದೆ. ಈ ಮಿತಿಯೊಳಗೆ ಒಂದು ಪಾಠ ಹೇಗೆ ಕಟ್ಟಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹಾವೇರಿಯ ಗೆಳೆಯ ಮೇಷ್ಟ್ರೊಬ್ಬರು ಯಾವಾಗಲೂ ಹೇಳುತ್ತಾರೆ, "ಎಲ್ಲರ ಕ್ಯಾಮೆರಾ ಹಾಕಸ್ರಿ, ತಾನ ಲಕ್ಷ್ಯ ಕೊಡ್ತಾರ." ನಾನು ಒಪ್ಪುವುದಿಲ್ಲ. ಝೂಮ್‌ನಲ್ಲಿ ಹಿಂದೆ ಗಮನ ಅಳೆಯುವ ಸೌಲಭ್ಯವೇ ಇತ್ತು. ನಾವು ಸ್ಕ್ರೀನ್ ಹಂಚಿಕೊಂಡಾಗ ಯಾರಾದರೂ 30 ಸೆಕೆಂಡಿಗಿಂತ ಜಾಸ್ತಿ ಬೇರೆ ಕಿಟಕಿ ತೆರೆದುಕೊಂಡಿದ್ದರೆ ಅವರ ಹೆಸರಿನ ಪಕ್ಕ ಒಂದು ಗುರುತು ಬರುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಕಂಪನಿ ಅದನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು. ಯಾಕೆಂದರೆ ಫೋನಿನಲ್ಲಿ ಹುಡುಗಿಯೊಬ್ಬಳು ನಾನು ಹಂಚಿದ ಗೂಗಲ್ ಶೀಟ್ ತೆರೆದು ಲೆಕ್ಕ ಮಾಡುತ್ತಿದ್ದರೆ ಝೂಮ್ ಪರದೆ ಹಿಂದೆ ಸರಿಯುತ್ತದೆ, ಅವಳ ವಿಡಿಯೊ ನಿಂತುಬಿಡುತ್ತದೆ. ಕಿಟಕಿ ನೋಡಿ ಅಳೆದರೆ ಕೆಲಸ ಮಾಡುತ್ತಿರುವವಳೇ ಗಮನ ಇಲ್ಲದವಳು ಅಂತ ಆಗುತ್ತದೆ. ಸುಮ್ನೆ ಪರದೆ ನೋಡುತ್ತಾ ಕುಳಿತವನು ಪಾಸಾಗುತ್ತಾನೆ.

ಹಾಗಾದರೆ ಏನು ಮಾಡಬೇಕು? ಪಾಠದ ಬಗ್ಗೆಯೇ ಪ್ರಶ್ನೆ ಕೇಳಬೇಕು. ಬಂದ ಉತ್ತರ ನೋಡಿ ನನ್ನ ಮುಂದಿನ ಹತ್ತು ನಿಮಿಷ ಬದಲಾಗುವಂತಿರಬೇಕು. ಉತ್ತರ ಏನೇ ಬಂದರೂ ನಾನು ಮಾಡುವುದು ಅದನ್ನೇ ಅಂದರೆ ಆ ಪ್ರಶ್ನೆ ಯಾಕೆ ಬೇಕು, ಅಲ್ವಾ?

ಮೊನ್ನೆಯ ಪಾಠ ಸರಾಸರಿ ಮತ್ತು ಮಧ್ಯಾಂಕ. ಉದಾಹರಣೆಗೆ ಬ್ಯಾಡಗಿ ಮಾರುಕಟ್ಟೆಯನ್ನೇ ತೆಗೆದುಕೊಂಡೆ. ಮೆಣಸಿನಕಾಯಿಯ ಒಂಬತ್ತು ಲಾಟ್, ಕ್ವಿಂಟಲ್‌ಗೆ ಸಿಕ್ಕ ದರ. 18,000, 20,000, 21,000, 22,000, 23,000, 24,000, 25,000, 26,000, ಕೊನೆಯದು ಡಬ್ಬಿ ತಳಿಯ ಒಳ್ಳೆ ಮಾಲು, 64,000. ಈ ಅಂಕಿಗಳು ಪಾಠಕ್ಕೆ ನಾನೇ ಮಾಡಿಕೊಂಡವು, ಅದನ್ನು ಮಕ್ಕಳಿಗೂ ಮೊದಲೇ ಹೇಳಿದೆ. ಕೂಡಿಸಿ ಒಂಬತ್ತರಿಂದ ಭಾಗಿಸಿದರೆ ಸರಾಸರಿ 27,000. ಸಾಲಾಗಿ ಇಟ್ಟಾಗ ನಟ್ಟನಡುವೆ ನಿಲ್ಲುವ ಮಧ್ಯಾಂಕ 23,000. ಒಂಬತ್ತರಲ್ಲಿ ಎಂಟು ಲಾಟಿಗೆ 27,000 ಸಿಕ್ಕೇ ಇಲ್ಲ. ಪಾಠದ ತಿರುಳು ಇಷ್ಟೇ.

ಮೊದಲ ನಾಲ್ಕು ನಿಮಿಷ ನಾನು ಪಾಠ ಶುರು ಮಾಡುವುದಿಲ್ಲ. ಗೂಗಲ್ ಶೀಟ್‌ನ ಲಿಂಕ್ ತೆರೆದು ಮೊದಲ ಪುಟದಲ್ಲಿ ಎಲ್ಲರೂ ತಮ್ಮ ಹೆಸರು ಬರೆಯಬೇಕು. ಇದು ಹಾಜರಿಯೂ ಹೌದು, ಆದರೆ ನಿಜವಾದ ಉದ್ದೇಶ ಬೇರೆ. ಯಾರಿಗೆ ಶೀಟ್ ನೋಡಲು ಆಗುತ್ತದೆ ಆದರೆ ಬರೆಯಲು ಆಗುವುದಿಲ್ಲ ಅನ್ನುವುದು ಇಲ್ಲೇ ಗೊತ್ತಾಗಬೇಕು. ಫೋನಿನಲ್ಲಿ ಶೀಟ್ಸ್ ಆ್ಯಪ್ ಇಲ್ಲದಿದ್ದರೆ ಬರೆಯುವುದು ಕಷ್ಟ. ಆಮೇಲೆ ಮಕ್ಕಳು ಝೂಮ್‌ನ ಬೇರೆ ಬೇರೆ ಕೋಣೆಗಳಿಗೆ, ಅಂದರೆ ಬ್ರೇಕ್‌ಔಟ್ ಗುಂಪಿಗೆ ಹೋದ ಮೇಲೆ ಅದು ಗೊತ್ತಾದರೆ ಅಷ್ಟೂ ಸಮಯ ಹಾಳು. ಲಿಂಕನ್ನು ಝೂಮ್ ಚಾಟ್‌ನಲ್ಲಿ ಮಾತ್ರ ಹಾಕಬೇಡಿ. ತಡವಾಗಿ ಸೇರಿದವರಿಗೆ ಹಳೆಯ ಚಾಟ್ ಕಾಣುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಹಾಕಿಡಿ.

ಆಮೇಲೆ ಆರು ನಿಮಿಷ ನಾನು ಹೇಳುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. 2013ರಲ್ಲಿ ಹಾರ್ವರ್ಡ್‌ನ ಕಾರ್ಲ್ ಸ್ಪುನಾರ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. 21 ನಿಮಿಷದ ರೆಕಾರ್ಡ್ ಮಾಡಿದ ಪಾಠ, ಅದೂ ಸಂಖ್ಯಾಶಾಸ್ತ್ರದ್ದೇ. ಅದನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ನಂತರ ಪ್ರಶ್ನೆ ಕೇಳಿಸಿಕೊಂಡವರ ಮನಸ್ಸು ಕಡಿಮೆ ಅಲೆಯಿತು, ಅವರು ಜಾಸ್ತಿ ಟಿಪ್ಪಣಿ ಬರೆದುಕೊಂಡರು, ಕೊನೆಯ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದರು. ಐದಾರು ನಿಮಿಷಕ್ಕೆ ಒಂದು ಪ್ರಶ್ನೆ ಅನ್ನುವ ಲೆಕ್ಕವನ್ನು ನಾನು ಅಲ್ಲಿಂದ ತೆಗೆದುಕೊಂಡೆ.

ನನ್ನ ಮೊದಲ ಪ್ರಶ್ನೆ ಹೀಗಿತ್ತು. 64,000ದ ಲಾಟ್ 84,000ಕ್ಕೆ ಹೋಯಿತು ಅಂದುಕೊಳ್ಳಿ. ಮಧ್ಯಾಂಕ ಏನಾಗುತ್ತದೆ? ಹೆಚ್ಚಿದರೆ 1, ಹಾಗೇ ಇದ್ದರೆ 2, ಕಡಿಮೆಯಾದರೆ 3 ಅಂತ ಚಾಟ್‌ನಲ್ಲಿ ಕಳಿಸಿ. ಉಚಿತ ಖಾತೆಯಲ್ಲಿ ಮತ ತೆಗೆದುಕೊಳ್ಳುವ ಸೌಲಭ್ಯ ನನಗೆ ಸಿಗಲಿಲ್ಲ, ಆದರೆ ಒಂದು ಅಂಕಿ ಕಳಿಸಲು ಚಾಟ್ ಸಾಕು. ಚಾಟ್ ನನಗೆ ಮಾತ್ರ ಬರುವಂತೆ ಮೊದಲೇ ಇಟ್ಟಿರುತ್ತೇನೆ. ಎಲ್ಲರಿಗೂ ಕಾಣುವಂತೆ ಬಿಟ್ಟರೆ ಮೊದಲು ಬಂದ ಜಾಣ ಹುಡುಗನ ಉತ್ತರವೇ ಕ್ಲಾಸಿನ ಉತ್ತರ ಆಗುತ್ತದೆ. ನನಗೊಬ್ಬನಿಗೇ ಬಂದರೆ, ಯಾವತ್ತೂ ಬಾಯಿ ಬಿಡದ ಮಕ್ಕಳೂ ಒಂದು ಅಂಕಿ ಒತ್ತುತ್ತಾರೆ. ತಪ್ಪಾದರೂ ಒತ್ತುತ್ತಾರೆ. ನನಗೆ ಬೇಕಾದ್ದು ಅದೇ.

ಸರಿ ಉತ್ತರ 2. ಇಪ್ಪತ್ನಾಲ್ಕು ಜನರಲ್ಲಿ ಹನ್ನೊಂದು ಜನ ಸರಿ ಹೇಳಿದರು. ಇಲ್ಲಿ ಎರಿಕ್ ಮಜೂರ್ ಅವರ ನಿಯಮ ಬಹಳ ಉಪಯೋಗಕ್ಕೆ ಬರುತ್ತದೆ. ಅವರು ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವವರು. ಮಕ್ಕಳೇ ಮಕ್ಕಳಿಗೆ ವಿವರಿಸುವ ಪಾಠಕ್ರಮವನ್ನು 1990ರ ದಶಕದಲ್ಲಿ ಬೆಳೆಸಿದರು. ಸರಿ ಉತ್ತರ ಸುಮಾರು 30ರಿಂದ 70 ಶೇಕಡಾ ನಡುವೆ ಇದ್ದರೆ ಮಕ್ಕಳನ್ನು ತಮ್ಮತಮ್ಮಲ್ಲೇ ಮಾತಾಡಲು ಬಿಡಿ. ಅದಕ್ಕಿಂತ ಕಡಿಮೆ ಇದ್ದರೆ ಗುಂಪಿನಲ್ಲಿ ವಿವರಿಸುವವರೇ ಇರುವುದಿಲ್ಲ, ನೀವೇ ಇನ್ನೊಮ್ಮೆ ಹೇಳಿ. ಜಾಸ್ತಿ ಇದ್ದರೆ ಮುಂದೆ ಹೋಗಿ. ನಮ್ಮದು 46 ಶೇಕಡಾ. ಗುಂಪಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಪಾಠದ ಯೋಜನೆಯಲ್ಲಿ "ಹನ್ನೆರಡನೇ ನಿಮಿಷಕ್ಕೆ ಬ್ರೇಕ್‌ಔಟ್" ಅಂತ ಬರೆದಿದೆ ಅನ್ನುವ ಒಂದೇ ಕಾರಣಕ್ಕೆ ಗುಂಪಿಗೆ ಕಳಿಸುವುದನ್ನು ನಾನು ವಿರೋಧಿಸುತ್ತೇನೆ.

ನಾಲ್ಕು ಜನರ ಆರು ಗುಂಪು. ಪ್ರತಿ ಗುಂಪಿಗೆ ಅದೇ ಶೀಟ್‌ನಲ್ಲಿ ಬೇರೆ ಬೇರೆ ಪುಟ. ಕೆಲಸ ಏನು ಅನ್ನುವುದನ್ನು ಆ ಪುಟದ ಬದಿಯಲ್ಲೇ ಬರೆದಿರಬೇಕು, ಯಾಕೆಂದರೆ ಗುಂಪಿನ ಕೋಣೆಗೆ ಹೋದ ತಕ್ಷಣ ನನ್ನ ಸ್ಕ್ರೀನ್ ಅವರಿಗೆ ಕಾಣುವುದಿಲ್ಲ. "ಸರ್ ಏನ್ ಮಾಡಂದ್ರು?" ಅಂತ ಮೂರು ನಿಮಿಷ ಹೋಗುವುದು ಇಲ್ಲೇ. ಕೆಲಸ ಚಿಕ್ಕದು. B2ರಿಂದ B10ರವರೆಗೆ ಒಂಬತ್ತು ದರ ಬರೆಯಿರಿ. ಕೆಳಗೆ ಸರಾಸರಿ, ಮಧ್ಯಾಂಕ ಮತ್ತು ಎಷ್ಟು ಅಂಕಿ ಇವೆ ಅನ್ನುವ ಎಣಿಕೆಗೆ ಈ ಮೂರು ಸೂತ್ರ ಹಾಕಿ.

```
=AVERAGE(B2:B10)
=MEDIAN(B2:B10)
=COUNT(B2:B10)
```

ಆಮೇಲೆ ಒಂದೇ ಒಂದು ವಾಕ್ಯ. ಹತ್ತನೇ ರೈತ ಸಾಧಾರಣ ಮಾಲು ತಂದಿದ್ದಾನೆ, ಎಷ್ಟು ಸಿಗಬಹುದು ಅಂತ ಕೇಳಿದರೆ ಈ ಎರಡರಲ್ಲಿ ಯಾವ ಅಂಕಿ ಹೇಳುತ್ತೀರಿ, ಯಾಕೆ? ಒಬ್ಬರು ಬರೆಯುವವರು, ಒಬ್ಬರು ಲೆಕ್ಕ ತಾಳೆ ನೋಡುವವರು, ಒಬ್ಬರು ವಾಪಸ್ ಬಂದು ಹೇಳುವವರು. ನೆಟ್‌ವರ್ಕ್ ಸರಿ ಇಲ್ಲದವರಿಗೆ ಬರೆಯುವ ಕೆಲಸ ಕೊಡಬೇಡಿ. ಅವರು ಮಾತಿನಲ್ಲಿ ಸೇರಲಿ.

ಹನ್ನೆರಡು ನಿಮಿಷ ಅವರು ಅಲ್ಲಿರುವಾಗ ನಾನು ಕೋಣೆಯಿಂದ ಕೋಣೆಗೆ ಓಡಾಡುವುದಿಲ್ಲ. ಮೇಷ್ಟ್ರು ಬಂದ ಕೂಡಲೇ ಗುಂಪಿನ ಮಾತು ನಿಂತುಹೋಗುತ್ತದೆ. ನಾನು ಮುಖ್ಯ ಕೋಣೆಯಲ್ಲೇ ಇದ್ದು, ಕರೆಂಟ್ ಹೋಗಿ ಮತ್ತೆ ಬಂದವರನ್ನು ಅವರ ಗುಂಪಿಗೆ ಸೇರಿಸುತ್ತಾ ಶೀಟ್ ನೋಡುತ್ತಿರುತ್ತೇನೆ. ಮೂರು ನಿಮಿಷ ಆದರೂ ಒಂದು ಪುಟದಲ್ಲಿ ಏನೂ ಬರದಿದ್ದರೆ ಅಲ್ಲಿಗೆ ಹೋಗುತ್ತೇನೆ. ಹಂಚಿದ ಶೀಟ್ ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಮಕ್ಕಳ ಮುಖ ನೋಡದೆಯೇ ಅವರ ಯೋಚನೆ ಎಲ್ಲಿಗೆ ಬಂದಿದೆ ಅಂತ ಕಾಣುತ್ತದೆ.

ಆ ದಿನ ಐದು ಗುಂಪಿಗೆ 27,000 ಮತ್ತು 23,000 ಬಂತು. ನಾಲ್ಕನೇ ಗುಂಪಿಗೆ ಸರಾಸರಿ 22,375, ಮಧ್ಯಾಂಕ 22,500. ಸೂತ್ರ ಸರಿಯಿತ್ತು. ಒಂಬತ್ತೂ ದರ ಕಣ್ಣಿಗೆ ಕಾಣುತ್ತಿದ್ದವು. ಆದರೆ COUNT ಎದುರಿಗೆ 8 ಅಂತ ಇತ್ತು. ಬರೆಯುವ ಹುಡುಗ ಕೊನೆಯ ದರವನ್ನು "64000 ರೂ" ಅಂತ ಹಾಕಿದ್ದ. ಅಕ್ಷರ ಸೇರಿದರೆ ಶೀಟ್ ಅದನ್ನು ಅಂಕಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಗುರುತು ಇನ್ನೊಂದಿದೆ. ಅಂಕಿಗಳು ಚೌಕದ ಬಲಕ್ಕೆ ಅಂಟಿರುತ್ತವೆ, ಇದೊಂದು ಎಡಕ್ಕೆ ಇತ್ತು. ನಾನು ಆ ಕೋಣೆಗೆ ಹೋಗಿ ಇಷ್ಟೇ ಕೇಳಿದೆ, "ತಮ್ಮಾ, ಎಷ್ಟು ಲಾಟ್ ಬರದೀ, COUNT ಎಷ್ಟು ತೋರಸ್ತೈತಿ?" ಮಿಕ್ಕಿದ್ದನ್ನು ತಾಳೆ ನೋಡುವ ಹುಡುಗಿಯೇ ಹಿಡಿದಳು.

ವಾಪಸ್ ಬಂದ ಮೇಲೆ ಅವರನ್ನೇ ಮೊದಲು ಮಾತಾಡಿಸಿದೆ, ಅವರ ಒಪ್ಪಿಗೆ ಕೇಳಿಯೇ. ಒಂದೇ ಲಾಟ್ ಬಿಟ್ಟುಹೋಗಿದ್ದಕ್ಕೆ ಸರಾಸರಿ 4,625 ಇಳಿದಿತ್ತು. ಮಧ್ಯಾಂಕ ಬರೀ 500. ನಾನು ಬೋರ್ಡ್ ಮೇಲೆ ಹೇಳಬೇಕೆಂದಿದ್ದ ಮಾತನ್ನು ಅವರ ಪುಟವೇ ತೋರಿಸಿತು. ಉಳಿದ ಗುಂಪಿನವರು ತಮ್ಮ ಶೀಟ್‌ನಲ್ಲೂ ಆ ಲಾಟ್ ಅಳಿಸಿ ನೋಡಿದರು. ಆರೂ ಗುಂಪಿನಿಂದ ವರದಿ ಹೇಳಿಸುವ ಪದ್ಧತಿಯನ್ನು ನಾನು ಇಟ್ಟುಕೊಂಡಿಲ್ಲ. ಮೂರನೆಯವರು ಮಾತಾಡುವಷ್ಟರಲ್ಲಿ ಯಾರೂ ಕೇಳುತ್ತಿರುವುದಿಲ್ಲ. ಉತ್ತರಗಳು ಬೇರೆಯಾದ ಎರಡು ಗುಂಪು ಸಾಕು.

ಒಂದು ಎಚ್ಚರಿಕೆ. ಕೋಣೆ ಮುಚ್ಚುವಾಗ ಝೂಮ್ ಸಾಮಾನ್ಯವಾಗಿ 60 ಸೆಕೆಂಡ್ ಎಣಿಸುತ್ತದೆ. ಹೋಗುವಾಗ ಒಂದು ನಿಮಿಷ, ಬರುವಾಗ ಒಂದು ನಿಮಿಷ ಹೋಯಿತು ಅಂತಲೇ ಲೆಕ್ಕ ಹಾಕಿ. ಹಾಗಾಗಿ 40 ನಿಮಿಷದಲ್ಲಿ ಎರಡು ಸಲ ಗುಂಪು ಮಾಡುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡನೆಯದರಲ್ಲಿ ಮಕ್ಕಳು ನಮಸ್ಕಾರ ಹೇಳುವಷ್ಟರಲ್ಲಿ ವಾಪಸ್ ಬರಬೇಕಾಗುತ್ತದೆ.

ಮೂವತ್ತೆರಡನೇ ನಿಮಿಷಕ್ಕೆ ಎರಡನೇ ಪ್ರಶ್ನೆ. ಮೊದಲಿನದನ್ನೇ ಮತ್ತೆ ಕೇಳಿದರೆ ನೆನಪಷ್ಟೇ ಗೊತ್ತಾಗುತ್ತದೆ, ಅದಕ್ಕೆ ಬೇರೆ ಸಂದರ್ಭ ಕೊಟ್ಟೆ. ಒಂದು ಅಂಗಡಿಯಲ್ಲಿ ಐದು ಜನರ ಪಗಾರ 9,000, 10,000, 10,000, 11,000 ಮತ್ತು ಮ್ಯಾನೇಜರ್‌ದು 60,000. "ನಮ್ಮಲ್ಲಿ ಸರಾಸರಿ ಪಗಾರ 20,000" ಅಂತ ಮಾಲೀಕರು ಜಾಹೀರಾತು ಕೊಟ್ಟಿದ್ದಾರೆ. ಲೆಕ್ಕ ಸುಳ್ಳೋ? ಸುಳ್ಳಾದರೆ 1. ಲೆಕ್ಕ ಸರಿ, ಆದರೆ ಹೊಸದಾಗಿ ಸೇರುವವರಿಗೆ ದಾರಿ ತಪ್ಪಿಸುತ್ತದೆ ಅಂದರೆ 2. ಎರಡೂ ಅಲ್ಲ ಅಂದರೆ 3. ಈ ಸಲ ಹತ್ತೊಂಬತ್ತು ಜನ 2 ಕಳಿಸಿದರು. 1 ಅಂತ ಕಳಿಸಿದವರು ನಾಲ್ಕು ಜನ. ಅವರಿಗೆ ಮಧ್ಯಾಂಕ ಗೊತ್ತಾಗಿದೆ, ಆದರೆ ಸರಾಸರಿಯೇ ತಪ್ಪು ಲೆಕ್ಕ ಅಂದುಕೊಂಡುಬಿಟ್ಟಿದ್ದಾರೆ. ಒಬ್ಬಳು ಏನೂ ಕಳಿಸಲಿಲ್ಲ. ರಾತ್ರಿ ಫೋನ್ ಮಾಡಿದೆ, ಡೇಟಾ ಮುಗಿದಿತ್ತಂತೆ. ಶೀಟ್‌ನ ಲಿಂಕ್ ಹಾಗೇ ಇದೆ, ಅವಳು ಮರುದಿನ ಕಾಲೇಜಿನಲ್ಲಿ ಕೂತು ತನ್ನ ಗುಂಪಿನ ಪುಟದ ಕೆಳಗೆ ಉತ್ತರ ಬರೆದಿದ್ದಾಳೆ. ಆ ನಾಲ್ವರಿಗಾಗಿ ಮುಂದಿನ ಕ್ಲಾಸಿನ ಮೊದಲ ಪ್ರಶ್ನೆ ತಯಾರಾಗಿದೆ. ಲಾರಿಗೆ ಒಂಬತ್ತೂ ಲಾಟ್ ತುಂಬಬೇಕು, ಪ್ರತಿ ಲಾಟ್ ಒಂದೊಂದು ಕ್ವಿಂಟಲ್, ವ್ಯಾಪಾರಿ ಒಟ್ಟು ಎಷ್ಟು ದುಡ್ಡು ತರಬೇಕು? ಅಲ್ಲಿ ಮಧ್ಯಾಂಕ ಕೆಲಸಕ್ಕೆ ಬರುವುದಿಲ್ಲ, ಸರಾಸರಿಯೇ ಬೇಕು.